ಕಾರ್ಟೂನ್ ಭಾವಚಿತ್ರ: ಕರೆಕ್ಷನ್ ಸುತ್ತು, ತಪ್ಪಿದ ತಾರೀಖು ಮತ್ತು ಒಂದು ಇಮೇಲ್

ಫೋಟೊ ಕಳಿಸಿ ಬರೆಸಿಕೊಳ್ಳುವ ಕಾರ್ಟೂನ್ ಭಾವಚಿತ್ರಗಳು ಈಗ ಲಗ್ನಪತ್ರಿಕೆಯ ಮೇಲೆ, ಕಲ್ಯಾಣಮಂಟಪದ ಬಾಗಿಲಲ್ಲಿ ನಿಲ್ಲಿಸುವ ಬೋರ್ಡಿನ ಮೇಲೆ, ನಿವೃತ್ತಿ ಮತ್ತು ಷಷ್ಟ್ಯಬ್ದಿಯ ಉಡುಗೊರೆಗಳಲ್ಲಿ ಎಲ್ಲೆಡೆ ಕಾಣುತ್ತವೆ. ಇವನ್ನು ಮಾಡಿಕೊಡುವುದು ಹೆಚ್ಚಾಗಿ ಒಬ್ಬರು ಅಥವಾ ಇಬ್ಬರು ನಡೆಸುವ ಸಣ್ಣ ಅಂಗಡಿಗಳು. ಚಿತ್ರ ಬರೆಯುವವರೇ ಆರ್ಡರ್ ಹಿಡಿಯುತ್ತಾರೆ, ಅವರೇ ಫೋನ್ ಎತ್ತುತ್ತಾರೆ, ಪ್ರಿಂಟ್ ಹಾಕಿಸಿ ಕೊರಿಯರ್‌ಗೆ ಕೊಡುವವರೂ ಅವರೇ. ಇಂಥ ಅಂಗಡಿಗೂ ಗ್ರಾಹಕರಿಗೂ ನಡುವೆ ಮನಸ್ತಾಪ ಬಂದರೆ ಕಾರಣ ಬಹುಪಾಲು ಎರಡೇ: ಎಷ್ಟು ಸಲ ತಿದ್ದಿಕೊಡಬೇಕು ಎನ್ನುವುದು ಒಂದು, ಹೇಳಿದ ತಾರೀಖಿಗೆ ಚಿತ್ರ ಬರಲಿಲ್ಲ ಎನ್ನುವುದು ಇನ್ನೊಂದು. ಅಂಗಡಿಯವರು ಗ್ರಾಹಕರಿಗೆ ಬರೆಯುವ ವಿವರಣೆಯ ಇಮೇಲ್ ಈ ಎರಡನ್ನೂ ಒಟ್ಟಿಗೇ ಹೇಳಬೇಕಾಗುತ್ತದೆ, ಏಕೆಂದರೆ ತಡದ ದೊಡ್ಡ ಭಾಗ ಹುಟ್ಟುವುದು ತಿದ್ದುಪಡಿಯ ಸುತ್ತುಗಳಲ್ಲೇ.

ಇದು ಅರ್ಥವಾಗಬೇಕಾದರೆ ಚಿತ್ರ ತಯಾರಾಗುವ ಕ್ರಮ ಗೊತ್ತಿರಬೇಕು. ಮೊದಲು ಬರುವುದು ಕಚ್ಚಾ ಸ್ಕೆಚ್. ಯಾರು ಎಲ್ಲಿ ನಿಲ್ಲುತ್ತಾರೆ, ತಲೆ ಎತ್ತ ವಾಲಿದೆ, ಮುಖದಲ್ಲಿ ಯಾವುದನ್ನು ಹಿಗ್ಗಿಸಿದೆ ಎಂಬುದಷ್ಟೇ ಅದರಲ್ಲಿರುತ್ತದೆ. ಅದು ಒಪ್ಪಿಗೆಯಾದ ಮೇಲೆ ಅದರ ಮೇಲೊಂದು ಹೊಸ ಲೇಯರ್‌ನಲ್ಲಿ ಚೊಕ್ಕ ಗೆರೆ ಎಳೆಯುತ್ತಾರೆ. ಗೆರೆಯ ಕೆಳಗಿನ ಲೇಯರ್‌ನಲ್ಲಿ ಮೂಲ ಬಣ್ಣ, ಇನ್ನೊಂದರಲ್ಲಿ ನೆರಳು, ಮತ್ತೊಂದರಲ್ಲಿ ಬೆಳಕು, ಕೊನೆಗೆ ಹಿನ್ನೆಲೆ. ಕಂಪ್ಯೂಟರ್‌ನಲ್ಲಿ ಬರೆದದ್ದಲ್ಲವೇ, ಬದಲಾಯಿಸುವುದು ಒಂದು ಕ್ಲಿಕ್ಕಿನ ಕೆಲಸ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಬಣ್ಣದ ವಿಷಯದಲ್ಲಿ ಅದು ಅರ್ಧ ನಿಜವೂ ಹೌದು. ಹಸಿರು ಸೀರೆಯನ್ನು ಕೆಂಪು ಮಾಡುವುದು ಕೆಲವೇ ನಿಮಿಷಗಳ ಕೆಲಸ. ಆದರೆ ತಲೆಯನ್ನು ಎಡದಿಂದ ಬಲಕ್ಕೆ ತಿರುಗಿಸುವುದು ಹಾಗಲ್ಲ. ಸ್ಕೆಚ್ ಹಂತದಲ್ಲಿ ಹೇಳಿದರೆ ಕಾಲು ಗಂಟೆಯಲ್ಲಿ ಮುಗಿಯುವ ಈ ಕೆಲಸ, ಬಣ್ಣ ತುಂಬಿದ ಮೇಲೆ ಹೇಳಿದರೆ ಗೆರೆ, ಬಣ್ಣ, ನೆರಳು, ಬೆಳಕು ನಾಲ್ಕನ್ನೂ ಆ ಮುಖದ ಮಟ್ಟಿಗೆ ಅಳಿಸಿ ಮತ್ತೆ ಬರೆಯುವುದಾಗುತ್ತದೆ. ಪಕ್ಕದವರ ಭುಜದ ಮೇಲೆ ಬಿದ್ದಿದ್ದ ನೆರಳೂ ಜಾಗ ಬದಲಿಸುತ್ತದೆ. ಗೋಡೆ ಎದ್ದ ಮೇಲೆ ಬಾಗಿಲು ಸರಿಸುವಂಥ ಕೆಲಸ ಇದು.

ಹೀಗಾಗಿ ಅಂಗಡಿಗಳು ತಿದ್ದುಪಡಿಯನ್ನು ಸುತ್ತುಗಳಾಗಿ ಕಟ್ಟುತ್ತವೆ. ಸಾಮಾನ್ಯವಾಗಿ ಬೆಲೆಯೊಳಗೆ ಎರಡು ಸುತ್ತು ಸೇರಿರುತ್ತವೆ, ಕೆಲವರು ಮೂರು ಕೊಡುತ್ತಾರೆ. ಮೊದಲನೆಯದು ಸ್ಕೆಚ್ ಮುಗಿದಾಗ, ಹೋಲಿಕೆ ಮತ್ತು ನಿಲುವಿನ ಬಗ್ಗೆ. ಎರಡನೆಯದು ಬಣ್ಣ ತುಂಬಿದಾಗ, ಬಣ್ಣ ಮತ್ತು ಸಣ್ಣಪುಟ್ಟ ವಿವರಗಳ ಬಗ್ಗೆ. ಒಂದು ಸುತ್ತು ಎಂದರೆ ಗ್ರಾಹಕರ ಕಡೆಯವರೆಲ್ಲ ನೋಡಿ, ಮಾತಾಡಿಕೊಂಡು, ಒಟ್ಟಿಗೆ ಕೊಡುವ ಒಂದೇ ಪಟ್ಟಿ. ಗ್ರಾಹಕರು ತಪ್ಪು ತಿಳಿಯುವುದು ಇಲ್ಲೇ. ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ‘ಕನ್ನಡಕ ಸ್ವಲ್ಪ ದಪ್ಪ ಮಾಡಿ’, ಮಧ್ಯಾಹ್ನ ‘ಅಮ್ಮನ ಬಳೆ ಚಿನ್ನದ್ದು’, ರಾತ್ರಿ ‘ಕನ್ನಡಕ ಮೊದಲಿದ್ದಂತೆಯೇ ಇರಲಿ’ ಎಂದು ಬಂದರೆ ಅವು ಅವರ ಲೆಕ್ಕದಲ್ಲಿ ಒಂದೇ ಕರೆಕ್ಷನ್, ಬರೆಯುವವರ ಲೆಕ್ಕದಲ್ಲಿ ಮೂರು ಸಲ ಫೈಲ್ ತೆರೆದು ಮೂರು ಸಲ ಕಳಿಸಿದ ಕೆಲಸ.

ಎಲ್ಲ ಬದಲಾವಣೆಯೂ ಒಂದೇ ಜಾತಿಯದಲ್ಲ ಎಂಬುದನ್ನೂ ನೋಡಬೇಕು. ಫೋಟೊದಲ್ಲಿ ಸ್ಪಷ್ಟವಾಗಿ ಕಾಣುವ ಕುಂಕುಮವನ್ನು ಚಿತ್ರದಲ್ಲಿ ಬಿಟ್ಟಿದ್ದರೆ ಅದು ಅಂಗಡಿಯ ತಪ್ಪು. ಅದನ್ನು ಸರಿಪಡಿಸುವುದು ಯಾವ ಸುತ್ತಿನ ಲೆಕ್ಕಕ್ಕೂ ಬರಬಾರದು. ಫೋಟೊದಲ್ಲಿದ್ದಂತೆಯೇ ಬರೆದ ಮೀಸೆಯನ್ನು ತೆಳುವಾಗಿಸಿ ಎಂದರೆ ಅದು ಅಭಿರುಚಿಯ ಬದಲಾವಣೆ, ಸುತ್ತಿನೊಳಗೆ ಸೇರುತ್ತದೆ. ಆರ್ಡರಿನಲ್ಲಿ ಇಲ್ಲದ ಒಬ್ಬ ವ್ಯಕ್ತಿಯನ್ನೋ ನಾಯಿಯನ್ನೋ ಸೇರಿಸಿ ಎನ್ನುವುದು ತಿದ್ದುಪಡಿಯೇ ಅಲ್ಲ, ಹೊಸ ಕೆಲಸ. ಈ ಮೂರರ ನಡುವಿನ ಗೆರೆಯನ್ನು ಆರ್ಡರ್ ಹಿಡಿಯುವಾಗಲೇ ಬರೆದುಕೊಡದ ಅಂಗಡಿ ಆಮೇಲೆ ಎಷ್ಟು ಚೆನ್ನಾಗಿ ಇಮೇಲ್ ಬರೆದರೂ ಅದು ನೆಪದಂತೆಯೇ ಕೇಳಿಸುತ್ತದೆ.

ಮೊದಲ ಸುತ್ತಿನಲ್ಲಿ ಹೆಚ್ಚಾಗಿ ಬರುವ ದೂರು ‘ಹೋಲುತ್ತಿಲ್ಲ’ ಎಂಬುದು. ಇದರಲ್ಲಿ ಕೈಯ ದೋಷ ಇರಬಹುದು, ಆದರೆ ಫೋಟೊದ ದೋಷವೂ ಅಷ್ಟೇ ಸಾಮಾನ್ಯ. ಕ್ಯಾರಿಕೇಚರ್ ಶೈಲಿಯಲ್ಲಿ ಬರೆಯುವವರು ಒಬ್ಬರ ಮುಖ ಸಾಧಾರಣ ಮುಖಕ್ಕಿಂತ ಎಲ್ಲಿ ಬೇರೆಯಾಗಿದೆ ಎಂದು ಹುಡುಕಿ ಆ ವ್ಯತ್ಯಾಸವನ್ನು ಹಿಗ್ಗಿಸುತ್ತಾರೆ. ಫೋಟೊವೇ ಸುಳ್ಳು ಹೇಳಿದರೆ ಹಿಗ್ಗುವುದು ಸುಳ್ಳೇ. ಸೆಲ್ಫಿ ಇದಕ್ಕೆ ಒಳ್ಳೆಯ ಉದಾಹರಣೆ. 2018ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಒಂದು ಲೆಕ್ಕಾಚಾರದ ಪ್ರಕಾರ, 12 ಇಂಚು ದೂರದಿಂದ ತೆಗೆದ ಫೋಟೊದಲ್ಲಿ ಮೂಗು 5 ಅಡಿ ದೂರದಿಂದ ತೆಗೆದದ್ದಕ್ಕಿಂತ ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ. ಕ್ಯಾಮೆರಾಕ್ಕೆ ಮೂಗು ಹತ್ತಿರ, ಕಿವಿ ದೂರ ಇರುವುದರಿಂದ ಹೀಗಾಗುತ್ತದೆ. ಆ ಅಗಲ ಮೂಗನ್ನು ಕಲಾವಿದರು ಇನ್ನಷ್ಟು ಅಗಲಿಸಿದಾಗ ಮನೆಯವರು ಗುರುತು ಹಿಡಿಯದಿದ್ದರೆ ಆಶ್ಚರ್ಯವಿಲ್ಲ.

ಇನ್ನೊಂದು ಕಾರಣ ನೋಡುವವರ ಕಣ್ಣಿನಲ್ಲಿದೆ. ಯಾರ ಮುಖವೂ ಎಡಬಲ ಸರಿಸಮ ಇರುವುದಿಲ್ಲ. ತನ್ನ ಮುಖವನ್ನು ಮನುಷ್ಯ ಕನ್ನಡಿಯಲ್ಲಿ ತಿರುಗುಮುರುಗಾಗಿಯೇ ನೋಡಿ ಅಭ್ಯಾಸ, ಉಳಿದವರು ನೋಡುವುದು ನೇರ ಮುಖವನ್ನು. 1977ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜನ ತಮ್ಮ ಕನ್ನಡಿಬಿಂಬದಂಥ ಫೋಟೊವನ್ನು ಹೆಚ್ಚು ಮೆಚ್ಚಿದರು, ಅವರ ಗೆಳೆಯರು ನೇರ ಫೋಟೊವನ್ನು ಮೆಚ್ಚಿದರು. ಅಂದ ಮೇಲೆ ಚಿತ್ರದಲ್ಲಿರುವವರು ‘ಇದು ನಾನಲ್ಲ’ ಎಂದೂ ಅವರ ಹೆಂಡತಿ ‘ಅಚ್ಚು ಹೀಗೇ ಇದ್ದೀರಿ’ ಎಂದೂ ಒಂದೇ ಚಿತ್ರದ ಬಗ್ಗೆ ಹೇಳಬಹುದು. ಅದಕ್ಕಾಗಿ ಅನುಭವಸ್ಥರು ಒಬ್ಬೊಬ್ಬರದೂ ಎರಡು ಮೂರು ಫೋಟೊ ಕೇಳುತ್ತಾರೆ: ನಾಲ್ಕೈದು ಅಡಿ ದೂರದಿಂದ ಬೇರೆಯವರು ತೆಗೆದದ್ದು, ಹಗಲು ಬೆಳಕಿನದು, ಫಿಲ್ಟರ್ ಹಾಕದ್ದು. ವಾಟ್ಸ್ಆ್ಯಪ್ ಮಾಮೂಲಿಯಾಗಿ ಫೋಟೊವನ್ನು ಕುಗ್ಗಿಸಿ ಕಳಿಸುವುದರಿಂದ ಡಾಕ್ಯುಮೆಂಟ್ ಆಗಿ ಕಳಿಸಿ ಎನ್ನುತ್ತಾರೆ. ಮದುವೆಯ ಗುಂಪು ಫೋಟೊದಿಂದ ಒಂದು ಮುಖ ಹೆಕ್ಕಿದರೆ ಕಣ್ಣಿನ ಆಕಾರವೂ ತಿಳಿಯದಷ್ಟು ಮಸುಕಾಗಿರುತ್ತದೆ. ಅಲ್ಲಿ ಕಲಾವಿದರು ಊಹಿಸುತ್ತಾರೆ, ಊಹೆ ಮೊದಲ ಸುತ್ತಿಗೆ ಬಂದು ಸೇರುತ್ತದೆ.

ಇನ್ನು ತಾರೀಖಿನ ವಿಷಯ. ಒಂದು ಆರ್ಡರನ್ನು ಕಲ್ಪಿಸಿಕೊಂಡು ದಿನಗಳನ್ನು ಎಣಿಸಿದರೆ ತಡ ಎಲ್ಲಿ ಸೇರಿಕೊಳ್ಳುತ್ತದೆ ಎಂಬುದು ಕಾಣುತ್ತದೆ. ಅಂಗಡಿ ಮೈಸೂರಿನದು, ಗ್ರಾಹಕರು ಕಲಬುರಗಿಯವರು. ತಂದೆತಾಯಿಯ ಮದುವೆಯ 40ನೇ ವಾರ್ಷಿಕೋತ್ಸವ ನವೆಂಬರ್ 28ಕ್ಕೆ. ತಂದೆ, ತಾಯಿ, ಮಗ, ಸೊಸೆ, ಮಗಳು ಹೀಗೆ ಐದು ಜನ ಇರುವ ಚಿತ್ರ 12x18 ಇಂಚಿನ ಫ್ರೇಮಿನಲ್ಲಿ ಬೇಕು. ಆರ್ಡರ್ ಬಂದದ್ದು ನವೆಂಬರ್ 3ಕ್ಕೆ, ಅರ್ಧ ಹಣ ಮುಂಗಡ. ಕಾರ್ತಿಕದ ಮದುವೆಗಳ ಗದ್ದಲದಲ್ಲಿ ಮುಂದೆ ಬೇರೆ ಆರ್ಡರ್‌ಗಳಿದ್ದುದರಿಂದ ಕೆಲಸ ಶುರುವಾಗುವುದು 6ಕ್ಕೆ. ಅಂಗಡಿಯವರ ಲೆಕ್ಕ ಹೀಗಿತ್ತು: 8ಕ್ಕೆ ಸ್ಕೆಚ್, 9ಕ್ಕೆ ಗ್ರಾಹಕರ ಉತ್ತರ, 11ಕ್ಕೆ ತಿದ್ದಿದ ಸ್ಕೆಚ್, 12ಕ್ಕೆ ಒಪ್ಪಿಗೆ, 14ಕ್ಕೆ ಬಣ್ಣ, 15ಕ್ಕೆ ಉತ್ತರ, 16ಕ್ಕೆ ಕೊನೆಯ ತಿದ್ದುಪಡಿ, ಆಮೇಲೆ ಮೂರು ದಿನ ಪ್ರಿಂಟ್ ಮತ್ತು ಫ್ರೇಮ್, 20ಕ್ಕೆ ಕೊರಿಯರ್.

ನಡೆದದ್ದು ಬೇರೆ. 8ಕ್ಕೆ ಕಳಿಸಿದ ಸ್ಕೆಚ್‌ಗೆ ಉತ್ತರ ಬಂದದ್ದು 12ಕ್ಕೆ. ಮಸ್ಕತ್‌ನಲ್ಲಿರುವ ಮಗಳು ನೋಡಲಿ ಎಂದು ಮಗ ಕಾದಿದ್ದರು. 14ಕ್ಕೆ ತಿದ್ದಿದ ಸ್ಕೆಚ್ ಹೋಯಿತು. ಮರುದಿನವೇ ಮಗ ಅಪ್ಪನ ಮೀಸೆ ತೆಳುವಾಗಲಿ ಎಂದರು, ಅಣ್ಣನ ಬೆನ್ನಿಗೇ ಮಗಳು ಮೀಸೆಯೇ ಅಪ್ಪನ ಗುರುತು, ಮುಟ್ಟಬೇಡಿ ಎಂದರು. ಮೀಸೆ ದಪ್ಪವೇ ಇರಲಿ ಎಂದು ತೀರ್ಮಾನವಾಗಿ ಒಪ್ಪಿಗೆ ಬಂದದ್ದು 17ಕ್ಕೆ. 19ಕ್ಕೆ ಬಣ್ಣ ಮುಗಿದು ಚಿತ್ರ ಹೋಯಿತು. ಅವತ್ತು ರಾತ್ರಿ ಹೊಸದೊಂದು ಕೋರಿಕೆ: ತೀರಿಹೋದ ಅಜ್ಜಿಯನ್ನೂ ತಾಯಿಯ ಪಕ್ಕದಲ್ಲಿ ಕೂರಿಸಿ, ಸ್ಟುಡಿಯೊದಲ್ಲಿ ತೆಗೆಸಿದ ಹಳೆಯ ಕಪ್ಪುಬಿಳುಪು ಫೋಟೊ ಕಳಿಸಿದ್ದೇವೆ.

3ರಿಂದ 19ರವರೆಗೆ ಕಳೆದದ್ದು 16 ದಿನ. ಸರದಿಗೆ ಕಾದದ್ದು 3 ದಿನ, ಬರೆದದ್ದು ಮೂರು ಕಂತಿನಲ್ಲಿ 6 ದಿನ, ಉತ್ತರಕ್ಕೆ ಕಾದದ್ದು 4 ಮತ್ತು 3 ಸೇರಿ 7 ದಿನ. ಬರೆಯುವುದಕ್ಕಿಂತ ಕಾಯುವುದಕ್ಕೇ ಹೆಚ್ಚು ದಿನ ಹೋಗಿದೆ. ಉತ್ತರಕ್ಕೆಂದು ಅಂಗಡಿ ಒಟ್ಟು ಎರಡು ದಿನ ಇಟ್ಟುಕೊಂಡಿತ್ತು, ಅದಕ್ಕೆ ಐದು ದಿನ ಹೆಚ್ಚಾಗಿದೆ. ಬಣ್ಣದ ಚಿತ್ರ 14ರ ಬದಲು 19ಕ್ಕೆ ಹೋದದ್ದು ಸರಿಯಾಗಿ ಆ ಐದು ದಿನದಿಂದಲೇ. ಆದರೆ ಗ್ರಾಹಕರ ನೆನಪಿನಲ್ಲಿ ಆ ದಿನಗಳು ಇರುವುದೇ ಇಲ್ಲ. ಮನೆಯವರೆಲ್ಲ ಚಿತ್ರ ನೋಡಿ ನಗುತ್ತಿದ್ದ ದಿನಗಳು ಕಾಯುವ ದಿನಗಳೆಂದು ಅನ್ನಿಸುವುದಿಲ್ಲ. 20ರ ಬೆಳಿಗ್ಗೆ ಅಂಗಡಿಯವರು ಬರೆಯಬೇಕಾದ ಇಮೇಲ್ ಈ ಲೆಕ್ಕವನ್ನು ಆಪಾದನೆಯಾಗದಂತೆ ಮುಂದಿಡಬೇಕು. ಅದು ಹೀಗಿರಬಹುದು:

ವಿಷಯ: ನಿಮ್ಮ ಕುಟುಂಬದ ಕಾರ್ಟೂನ್ ಚಿತ್ರ – ಹೊಸ ತಾರೀಖು, ಇವತ್ತು ರಾತ್ರಿಯೊಳಗೆ ನಿಮ್ಮ ಉತ್ತರ ಬೇಕು

ನಮಸ್ಕಾರ ಸರ್,

ಇವತ್ತು ಕೊರಿಯರ್ ಮಾಡುತ್ತೇವೆ ಎಂದಿದ್ದ ನಿಮ್ಮ ಫ್ರೇಮ್ ಇವತ್ತು ಹೊರಡುವುದಿಲ್ಲ, ಕ್ಷಮಿಸಿ. ಚಿತ್ರಕ್ಕೆ ಬಣ್ಣ ತುಂಬುವುದು ನಿನ್ನೆ ಮುಗಿದಿದೆ. ಪ್ರಿಂಟ್ ಮತ್ತು ಫ್ರೇಮಿನ ಕೆಲಸ ಬಾಕಿ ಇದೆ.

ಸ್ಕೆಚ್ ಕಳಿಸಿದ ಮೇಲೆ ಒಪ್ಪಿಗೆಗೆ ಒಂದೊಂದು ದಿನ ಎಂದು ಲೆಕ್ಕ ಹಾಕಿದ್ದೆವು. ಎರಡೂ ಸಲ ಸೇರಿ ಏಳು ದಿನ ಆಯಿತು. ಉತ್ತರ ತಡವಾದಷ್ಟು ದಿನ ತಾರೀಖೂ ಮುಂದೆ ಹೋಗುತ್ತದೆ ಎಂದು ಆರ್ಡರ್ ದಿನವೇ ನಾವು ನಿಮಗೆ ಹೇಳಬೇಕಿತ್ತು, ಹೇಳಿರಲಿಲ್ಲ.

ಸ್ಕೆಚ್ ಹಂತದ ಸುತ್ತು 17ಕ್ಕೆ ಮುಗಿದಿದೆ. ಬಣ್ಣದ ಹಂತದ ಒಂದು ಸುತ್ತು ನಿಮಗೆ ಇನ್ನೂ ಇದೆ. ಅಜ್ಜಿಯವರನ್ನು ಸೇರಿಸಬೇಕಾದರೆ ನಿಮ್ಮ ತಾಯಿಯವರನ್ನೂ ಸೊಸೆಯವರನ್ನೂ ಪಕ್ಕಕ್ಕೆ ಸರಿಸಿ ಮತ್ತೆ ಬರೆಯಬೇಕು, ಅದು ಈ ಸುತ್ತಿನೊಳಗೆ ಬರುವುದಿಲ್ಲ. ಅದಕ್ಕೆ 700 ರೂಪಾಯಿ ಆಗುತ್ತದೆ.

ನಿಮ್ಮ ಮುಂದೆ ಎರಡು ದಾರಿ ಇವೆ.

ಒಂದು, ಈಗಿರುವ ಐದು ಜನರ ಚಿತ್ರ. ಬಣ್ಣದ ಕರೆಕ್ಷನ್ ಇವತ್ತು ರಾತ್ರಿ 9ರೊಳಗೆ ಒಂದೇ ಪಟ್ಟಿಯಾಗಿ ಕೊಟ್ಟರೆ 25ಕ್ಕೆ ಕೊರಿಯರ್ ಮಾಡುತ್ತೇವೆ. ಕಲಬುರಗಿಗೆ ಎರಡು ಮೂರು ದಿನ ಹಿಡಿಯುತ್ತದೆ. 28ರ ಬೆಳಿಗ್ಗೆಯೊಳಗೆ ತಲುಪುತ್ತದೆ ಎಂದು ಖಚಿತವಾಗಿ ಹೇಳಲಾರೆವು.

ಎರಡು, ಅಜ್ಜಿಯವರೂ ಇರುವ ಚಿತ್ರ. ನಾಳೆ ಸ್ಕೆಚ್ ಕಳಿಸುತ್ತೇವೆ, 22ರ ಸಂಜೆಯೊಳಗೆ ನೀವು ಒಪ್ಪಿದರೆ 24ರ ಸಂಜೆ ಪ್ರಿಂಟ್‌ಗೆ ಸಿದ್ಧವಾದ ಫೈಲ್ ಕೊಡುತ್ತೇವೆ. ಕಲಬುರಗಿಯಲ್ಲೇ ಪ್ರಿಂಟ್ ಮತ್ತು ಫ್ರೇಮ್ ಮಾಡಿಸಿಕೊಳ್ಳಬಹುದು. ಆಗ ನಮ್ಮ ಬಿಲ್ಲಿನಿಂದ ಫ್ರೇಮ್ ಮತ್ತು ಕೊರಿಯರಿನ 1,200 ರೂಪಾಯಿ ಕಳೆಯುತ್ತೇವೆ.

ಒಂದು ಅಥವಾ ಎರಡು ಎಂದಷ್ಟೇ ಬರೆದರೂ ಸಾಕು. ಇವತ್ತು ಉತ್ತರ ಬಾರದಿದ್ದರೆ ಎರಡೂ ತಾರೀಖುಗಳು ಅಷ್ಟೇ ದಿನ ಮುಂದೆ ಹೋಗುತ್ತವೆ. ಎರಡೂ ಬೇಡವೆಂದರೆ ಪ್ರಿಂಟ್, ಫ್ರೇಮ್, ಕೊರಿಯರ್ ಬಿಟ್ಟು ಚಿತ್ರ ಬರೆದ ಹಣವನ್ನು ಮಾತ್ರ ಹಿಡಿದುಕೊಂಡು ಬಣ್ಣದ ಫೈಲನ್ನು ಕೊಡುತ್ತೇವೆ.

ಈ ಪತ್ರದಲ್ಲಿ ಕೆಟ್ಟ ಸುದ್ದಿ ಮೊದಲ ಸಾಲಿನಲ್ಲೇ ಇದೆ. ಹಲವು ಅಂಗಡಿಯವರು ಇದನ್ನು ಮೂರನೇ ಪ್ಯಾರಾದಲ್ಲಿ ಹುದುಗಿಸುತ್ತಾರೆ: ಆರ್ಡರ್ ಕೊಟ್ಟಿದ್ದಕ್ಕೆ ಧನ್ಯವಾದ, ನಿಮ್ಮ ಕುಟುಂಬ ಬಹಳ ಸುಂದರ, ಈ ತಿಂಗಳು ಬಹಳ ಕೆಲಸ, ಮನೆಯಲ್ಲಿ ಹುಷಾರಿಲ್ಲ, ಆದಷ್ಟು ಬೇಗ ಕಳಿಸುತ್ತೇವೆ. ‘ಆದಷ್ಟು ಬೇಗ’ ಎನ್ನುವ ಮಾತಿನಿಂದ ಗ್ರಾಹಕರಿಗೆ ಏನೂ ಮಾಡಲು ಬರುವುದಿಲ್ಲ. ಸಮಾರಂಭದ ದಿನ ಕೈಯಲ್ಲಿ ಏನಿರುತ್ತದೆ ಎಂಬುದೊಂದೇ ಅವರಿಗೆ ಬೇಕಾದ ವಿಷಯ. ಅದಕ್ಕೇ ಪತ್ರ ಹೊಸ ತಾರೀಖಿನ ಜೊತೆಗೆ ಅದು ಎಷ್ಟು ಗಟ್ಟಿ ಎಂಬುದನ್ನೂ ಹೇಳುತ್ತದೆ. 25 ಎಂಬುದು ಅಂಗಡಿಯ ಕೈಯಲ್ಲಿರುವ ತಾರೀಖು, 28ರ ಬೆಳಿಗ್ಗೆ ಕೊರಿಯರಿನವರ ಕೈಯಲ್ಲಿರುವುದು. ಈ ಎರಡನ್ನೂ ಕೂಡಿಸಿ ‘27ಕ್ಕೆ ಸಿಗುತ್ತದೆ’ ಎಂದು ಬರೆಯುವ ಆಸೆ ಬಹಳ ಬಲವಾದದ್ದು, ಜಗಳ ಹುಟ್ಟುವುದೂ ಆ ಒಂದು ಸಾಲಿನಿಂದಲೇ.

ತಡಕ್ಕೆ ಕಾರಣ ಹೇಳುವ ಪ್ಯಾರಾದಲ್ಲಿ ಸಂಖ್ಯೆಗಳಿವೆ, ‘ನೀವು ತಡ ಮಾಡಿದಿರಿ’ ಎಂಬ ಮಾತಿಲ್ಲ. ಮೀಸೆಯ ಜಗಳದ ಪ್ರಸ್ತಾಪವೂ ಇಲ್ಲ. ಅಣ್ಣತಂಗಿಯರ ನಡುವೆ ಅಂಗಡಿಯವರು ಪಂಚಾಯ್ತಿಗೆ ಕೂರಬಾರದು. ಅಂಥ ಸಂದರ್ಭ ಬಾರದಿರಲು ಆರ್ಡರ್ ಹಿಡಿಯುವಾಗಲೇ ಒಪ್ಪಿಗೆ ಕೊಡುವವರು ಒಬ್ಬರೇ, ಅವರ ಮಾತೇ ಕೊನೆ ಎಂದು ಹೆಸರು ಬರೆಸಿಕೊಳ್ಳುವುದು ಒಳ್ಳೆಯ ಪದ್ಧತಿ. ಅಜ್ಜಿಯ ವಿಷಯದಲ್ಲೂ ಪತ್ರ ‘ಆಗುವುದಿಲ್ಲ’ ಎನ್ನದೆ ಏನೇನು ಸರಿಯುತ್ತದೆ ಎಂದು ತೋರಿಸುತ್ತದೆ. ಇಬ್ಬರು ಪಕ್ಕಕ್ಕೆ ಸರಿಯಬೇಕು ಎಂದು ಓದಿದವರಿಗೆ 700 ರೂಪಾಯಿ ಯಾಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಕಪ್ಪುಬಿಳುಪು ಫೋಟೊದಿಂದ ಸೀರೆಯ ಬಣ್ಣ ಗೊತ್ತಾಗುವುದಿಲ್ಲ ಎಂಬ ತೊಡಕೂ ಇಲ್ಲುಂಟು. ಗ್ರಾಹಕರು ಎರಡನೇ ದಾರಿ ಹಿಡಿದರೆ ಅಂಗಡಿಯವರು ಮೊದಲು ಕೇಳಬೇಕಾದ ಪ್ರಶ್ನೆ ಅದೇ, ಇಲ್ಲವಾದರೆ 24ರ ಸಂಜೆ ‘ಅಜ್ಜಿ ಆ ಬಣ್ಣ ಉಡುತ್ತಲೇ ಇರಲಿಲ್ಲ’ ಎಂಬ ಮಾತು ಬರುತ್ತದೆ.

ಎರಡನೇ ದಾರಿಯಲ್ಲಿ ಫೈಲಿನ ಬಗ್ಗೆಯೂ ಎಚ್ಚರ ಬೇಕು. 12x18 ಇಂಚಿನ ಪ್ರಿಂಟ್ ಚೊಕ್ಕವಾಗಿ ಬರಬೇಕಾದರೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಫೈಲು 3600x5400 ಪಿಕ್ಸೆಲ್ ಇರಬೇಕು. ಅದನ್ನು ಗ್ರಾಹಕರು ಪ್ರಿಂಟ್ ಹಾಕುವವರಿಗೆ ವಾಟ್ಸ್ಆ್ಯಪ್ ಫೋಟೊ ಆಗಿ ದಾಟಿಸಿದರೆ ಕುಗ್ಗಿಹೋಗಿ ಗೆರೆಗಳ ಅಂಚು ಒಡೆದು ಕಾಣುತ್ತದೆ. ಇಮೇಲಿನಲ್ಲೋ ಪೆನ್‌ಡ್ರೈವಿನಲ್ಲೋ ಕೊಡಿ ಎಂದು ಒಂದು ಸಾಲು ಬರೆದರೆ ಇದು ತಪ್ಪುತ್ತದೆ. ಪರದೆಯ ಮೇಲೆ ಝಗಮಗಿಸುವ ಹಸಿರು ಮತ್ತು ಗುಲಾಬಿ ಬಣ್ಣಗಳು ಕಾಗದದ ಮೇಲೆ ಸ್ವಲ್ಪ ಮಂಕಾಗುತ್ತವೆ. ಶಾಯಿ ಅಷ್ಟು ಹೊಳಪು ಕೊಡಲಾರದು. ಇದನ್ನು ಮೊದಲೇ ಹೇಳದಿದ್ದರೆ ಪ್ರಿಂಟ್ ನೋಡಿದ ಮೇಲೆ ಇನ್ನೊಂದು ಸುತ್ತಿನ ಬೇಡಿಕೆ ಬರುತ್ತದೆ.

ಸಣ್ಣ ಅಂಗಡಿ ತಾರೀಖನ್ನು ಬರಹದಲ್ಲಿ ಕೊಡುವಾಗ ಕಾನೂನನ್ನೂ ತುಸು ನೆನಪಿಡಬೇಕು. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಆನ್‌ಲೈನ್ ಮಾರುಕಟ್ಟೆಯ ಮೂಲಕ ಮಾರುವವರು ತಾವು ಹೇಳಿದ ಅವಧಿ ಮೀರಿ ವಸ್ತು ತಲುಪಿಸಿದರೆ ಅದನ್ನು ವಾಪಸ್ ತೆಗೆದುಕೊಳ್ಳಲು ಅಥವಾ ಹಣ ಹಿಂದಿರುಗಿಸಲು ನಿರಾಕರಿಸುವಂತಿಲ್ಲ. ಯಾರ ಕೈಯಲ್ಲೂ ಇಲ್ಲದ ಅನಿವಾರ್ಯ ಘಟನೆಯಿಂದ ತಡವಾದರೆ ಮಾತ್ರ ವಿನಾಯಿತಿ. ‘ಸ್ಕೆಚ್‌ಗೆ ಒಪ್ಪಿಗೆ ಬಂದ ದಿನದಿಂದ ಎಂಟು ದಿನ’ ಎಂದು ಬರೆಯುವುದಕ್ಕೂ ‘20ನೇ ತಾರೀಖು’ ಎಂದು ಬರೆಯುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಮೊದಲಿನದರಲ್ಲಿ ಗ್ರಾಹಕರ ಉತ್ತರಕ್ಕೆ ಕಾದ ದಿನಗಳು ತಾವಾಗಿಯೇ ಲೆಕ್ಕದಿಂದ ಹೊರಗುಳಿಯುತ್ತವೆ. ಅಂದಹಾಗೆ, ಹಣ ಕೊಟ್ಟು ಬರೆಸಿದ ಭಾವಚಿತ್ರದ ಹಕ್ಕುಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, 1957ರ ಕಾಯ್ದೆಯಂತೆ ಬರೆಸಿದವರಿಗೇ ಸೇರುತ್ತದೆ. ಗ್ರಾಹಕರ ಚಿತ್ರವನ್ನು ಮಾದರಿಯೆಂದು ತಮ್ಮ ಪುಟದಲ್ಲಿ ಹಾಕಿಕೊಳ್ಳಬಯಸುವ ಅಂಗಡಿ ಆ ಅನುಮತಿಯನ್ನೂ ಆರ್ಡರಿನ ದಿನವೇ ಕೇಳಿಕೊಳ್ಳಬೇಕು, ತಡಕ್ಕೆ ಕ್ಷಮೆ ಕೇಳುವ ಪತ್ರದಲ್ಲಿ ಅಲ್ಲ.

ತಡ ಯಾವಾಗ ಬರುತ್ತದೆ ಎಂಬುದು ಕರ್ನಾಟಕದ ಮಟ್ಟಿಗೆ ಪಂಚಾಂಗ ನೋಡಿದರೂ ಸ್ವಲ್ಪ ತಿಳಿಯುತ್ತದೆ. ಆಷಾಢದಲ್ಲೂ ಧನುರ್ಮಾಸದಲ್ಲೂ ಮದುವೆಗಳು ವಿರಳ, ಅವು ಮುಗಿಯುತ್ತಲೇ ಶ್ರಾವಣಕ್ಕೂ ಸಂಕ್ರಾಂತಿಯ ನಂತರಕ್ಕೂ ಆರ್ಡರ್‌ಗಳು ಒಮ್ಮೆಗೇ ಬೀಳುತ್ತವೆ. ಬಿಡುವಿನ ತಿಂಗಳಲ್ಲಿ ಮೂರು ದಿನ ಇರುವ ಸರದಿ ಆಗ ಎರಡು ವಾರಕ್ಕೆ ಬೆಳೆಯಬಹುದು. ಬರೆಯುವ ಕೈಗಳು ಅಷ್ಟೇ ಇರುವುದರಿಂದ, ಒಂದು ಆರ್ಡರಿನ ಉತ್ತರ ನಾಲ್ಕು ದಿನ ತಡವಾಗಿ ಬಂದಾಗ ಕಲಾವಿದರು ಅಷ್ಟರಲ್ಲಿ ಬೇರೊಂದರಲ್ಲಿ ಮುಳುಗಿರುತ್ತಾರೆ. ಹೀಗಾಗಿ ನಾಲ್ಕು ದಿನದ ತಡ ಕೆಲವೊಮ್ಮೆ ಆರು ದಿನವಾಗುತ್ತದೆ. ಇದಕ್ಕೆ ಕೆಲವು ಅಂಗಡಿಗಳು ಮಾಡಿಕೊಂಡ ವ್ಯವಸ್ಥೆ ಸರಳವಾದದ್ದು. ಉತ್ತರಕ್ಕೆ ಎರಡು ದಿನದ ಗಡುವು, ಮೀರಿದರೆ ಆರ್ಡರ್ ಸರದಿಯ ಕೊನೆಗೆ ಹೋಗುತ್ತದೆ ಎಂಬ ಸಾಲನ್ನು ಸ್ಕೆಚ್ ಕಳಿಸುವ ಪ್ರತಿ ಇಮೇಲಿನ ಅಡಿಯಲ್ಲಿ, ಗಡುವಿನ ತಾರೀಖಿನೊಡನೆ ಬರೆಯುತ್ತಾರೆ.